ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಕಂಪನಿ ಕಟ್ಟಿದ ಪಾಲು ಯಾರದು?

ಪ್ರಶ್ನೆ: 2023ರ ಮಾರ್ಚ್ 3ರಂದು ಈಗಿನ ಕೆಲಸಕ್ಕೆ ಸೇರಿದೆ. ಕಂಪನಿಯ ನಿವೃತ್ತಿ ನಿಧಿಗೆ ನಾನು ತಿಂಗಳಿಗೆ 10,000 ಕಟ್ಟುತ್ತೇನೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಈಗ ಖಾತೆಯಲ್ಲಿ ಒಟ್ಟು 7,56,000 ಕಾಣುತ್ತಿದೆ. ಮೂರು ವರ್ಷದ ಸೇವೆ ಮುಗಿಯದೆ ಬಿಟ್ಟರೆ ಕಂಪನಿಯ ಪಾಲು ಸಿಗುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಸಂಬಳ ತಿಂಗಳಿಗೆ 20,000 ಹೆಚ್ಚು. 2026ರ ಜನವರಿ 5ರಂದು ರಾಜೀನಾಮೆ ಕೊಡಬೇಕೆಂದಿದ್ದೇನೆ. ನೋಟಿಸ್ ಅವಧಿ 60 ದಿನ. ಆದರೆ ಹೊಸ ಕಂಪನಿಯವರು 30 ದಿನದ ನೋಟಿಸ್ ಹಣವನ್ನು ತಾವೇ ಭರಿಸುತ್ತೇವೆ, ಫೆಬ್ರವರಿ ಮೊದಲ ವಾರವೇ ಬನ್ನಿ ಎನ್ನುತ್ತಿದ್ದಾರೆ. ನನ್ನ ಹೆಸರಿನಲ್ಲೇ ಇರುವ ಹಣ ನನ್ನದಲ್ಲ ಎನ್ನುವುದು ಹೇಗೆ? ಅವಸರ ಮಾಡಿದರೆ ನಿಜವಾಗಿ ಎಷ್ಟು ಹೋಗುತ್ತದೆ?

ಉತ್ತರ: ರಾಜೀನಾಮೆ ಪತ್ರವನ್ನು ಇನ್ನೂ ಕೊಟ್ಟಿಲ್ಲ ಎನ್ನುವುದು ಒಳ್ಳೆಯದಾಯಿತು. ನಿಮ್ಮ ಲೆಕ್ಕದಲ್ಲಿ ಅತಿ ದುಬಾರಿಯಾದದ್ದು ಹೊಸ ಕಂಪನಿ ಉದಾರವಾಗಿ ಭರಿಸುತ್ತೇನೆ ಎಂದ ಆ 30 ದಿನ. ಅದು ಯಾಕೆ ಎಂದು ಹೇಳುವ ಮೊದಲು ನಿಮ್ಮ ಖಾತೆಯ ಚೀಟಿಯನ್ನು ಎರಡಾಗಿ ಮಡಿಸಿ ನೋಡೋಣ.

ನೀವು ಮತ್ತು ಕಂಪನಿ ಸಮಸಮ ಕಟ್ಟಿದ್ದೀರಿ, ಹೂಡಿಕೆಯೂ ಒಂದೇ ಕಡೆ ಆಗಿದೆ ಎಂದಿಟ್ಟುಕೊಂಡರೆ 7,56,000ದಲ್ಲಿ ಅರ್ಧ, ಅಂದರೆ 3,78,000 ನಿಮ್ಮದು. ನೀವು ಕಟ್ಟಿದ 34 ಕಂತು 3,40,000. ಮಿಕ್ಕ 38,000 ಅದರ ಗಳಿಕೆ. ಇದು ನಿಮ್ಮ ಸಂಬಳದಿಂದ ಹೋದ ಹಣ. ಮರುದಿನವೇ ಕೆಲಸ ಬಿಟ್ಟರೂ ಇದರ ಮೇಲೆ ಕಂಪನಿ ಕೈಯಿಡುವಂತಿಲ್ಲ. ಉಳಿದ 3,78,000 ಕಂಪನಿ ಕಟ್ಟಿದ ಪಾಲು ಮತ್ತು ಅದರ ಗಳಿಕೆ. ಅದು ನಿಮ್ಮ ಹೆಸರಿನ ಖಾತೆಯಲ್ಲಿ ಜಮೆಯಾಗಿದೆ, ಆದರೆ ಷರತ್ತಿನ ಮೇಲೆ ಜಮೆಯಾಗಿದೆ. ಇಷ್ಟು ಕಾಲ ಸೇವೆ ಮಾಡಿದರೆ ಮಾತ್ರ ಇದು ನಿನ್ನದು ಎಂಬುದು ಷರತ್ತು. ಆ ಷರತ್ತು ಪೂರೈಸಿ ಹಕ್ಕು ಗಟ್ಟಿಯಾಗುವುದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಜಮೆಯಾಗುವುದು ಬೇರೆ, ವೆಸ್ಟ್ ಆಗುವುದು ಬೇರೆ. ಮೊಬೈಲ್‌ನಲ್ಲಿ ತೆರೆದ ಕೂಡಲೇ ದಪ್ಪ ಅಕ್ಷರದಲ್ಲಿ ಕಾಣುವ ಮೊತ್ತ ಸಾಮಾನ್ಯವಾಗಿ ಜಮೆಯದ್ದು. ವೆಸ್ಟ್ ಆದ ಮೊತ್ತ ಎಂಬ ಇನ್ನೊಂದು ಸಾಲು ಕೆಳಗೆಲ್ಲೋ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನೀವು ನೋಡಬೇಕಾದದ್ದು ಅದನ್ನು.

ಇದನ್ನು ಓದುವ ಇತರರಿಗೆ ಒಂದು ಎಚ್ಚರಿಕೆ. ಭಾರತದ ನೌಕರರ ಭವಿಷ್ಯ ನಿಧಿ, ಎಂದರೆ ನಾವೆಲ್ಲ ಪಿಎಫ್ ಎನ್ನುವುದು, ಈ ಜಾತಿಯದಲ್ಲ. ಅದರಲ್ಲಿ ಉದ್ಯೋಗದಾತರ ಪಾಲಿನಿಂದ ಭವಿಷ್ಯ ನಿಧಿಗೆ ಜಮೆಯಾದ ಹಣ ಮೊದಲ ತಿಂಗಳಿನಿಂದಲೇ ಸದಸ್ಯನದು. ಹತ್ತು ವರ್ಷದ ಕನಿಷ್ಠ ಸೇವೆ ಎಂಬ ಮಾತು ಬರುವುದು ಅದೇ ಪಾಲಿನಿಂದ ಬೇರೆಯಾಗಿ ಹೋಗುವ ಪಿಂಚಣಿ ಯೋಜನೆಯ ಮಾಸಿಕ ಪಿಂಚಣಿಗೆ. ಐದು ವರ್ಷ ಎಂದು ಕೇಳಿದ್ದರೆ ಅದು ಹಣ ಹಿಂಪಡೆದಾಗ ಬೀಳುವ ತೆರಿಗೆಗೆ ಸಂಬಂಧಿಸಿದ್ದು. ಪ್ರಶ್ನೆ ಕೇಳಿದವರದು ಕಂಪನಿಯೇ ಪ್ರತ್ಯೇಕ ನಿಯಮಾವಳಿ ಬರೆದು ನಡೆಸುವ ನಿಧಿ. ಅಮೆರಿಕದ 401(ಕೆ) ಖಾತೆಗಳು, ಹಲವು ದೇಶಗಳ ಔದ್ಯೋಗಿಕ ಪಿಂಚಣಿಗಳು, ಟ್ರಸ್ಟ್ ಮೂಲಕ ನಡೆಯುವ ಸೂಪರ್‌ಆನ್ಯುಯೇಷನ್ ನಿಧಿಗಳು ಈ ಬಗೆಯವು. ನನ್ನ ಉತ್ತರ ಇವುಗಳಿಗೆ ಮಾತ್ರ.

ಸಹೋದ್ಯೋಗಿಗಳು ಹೇಳಿದ "ಮೂರು ವರ್ಷ"ದಲ್ಲಿ ಎರಡು ಬಗೆ ಇರಬಹುದು. ಒಂದರಲ್ಲಿ ಮೂರು ವರ್ಷದ ತನಕ ಸೊನ್ನೆ, ಮೂರು ತುಂಬಿದ ದಿನ ನೂರಕ್ಕೆ ನೂರು. ಇದಕ್ಕೆ ಕ್ಲಿಫ್ ಎಂಬ ಹೆಸರಿದೆ, ಬಂಡೆಯ ಅಂಚು. ಒಂದು ಹೆಜ್ಜೆ ಹಿಂದಿದ್ದರೆ ಏನೂ ಇಲ್ಲ. ಇನ್ನೊಂದರಲ್ಲಿ ಹಕ್ಕು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡು ವರ್ಷಕ್ಕೆ ಶೇ 20, ಮೂರಕ್ಕೆ 40, ಹೀಗೆ ಆರಕ್ಕೆ 100. ಅಮೆರಿಕದಲ್ಲಿ ಖಾಸಗಿ ಕಂಪನಿಗಳ 401(ಕೆ) ಬಗೆಯ ಖಾತೆಗಳಿಗೆ ಕಾನೂನು ಹಾಕಿರುವ ಮಿತಿ ಈ ಎರಡೇ: ಕ್ಲಿಫ್ ಆದರೆ ಮೂರು ವರ್ಷ ಮೀರಬಾರದು, ಮೆಟ್ಟಿಲಾದರೆ ಆರು ವರ್ಷ ಮೀರಬಾರದು. ಕಂಪನಿ ಇದಕ್ಕಿಂತ ಬೇಗ ಕೊಡಬಹುದು, ತಡಮಾಡುವಂತಿಲ್ಲ. ಯುರೋಪಿನ ಒಕ್ಕೂಟ 2014ರ ನಿರ್ದೇಶನವೊಂದರಲ್ಲಿ, ಒಂದು ಸದಸ್ಯ ದೇಶದಿಂದ ಇನ್ನೊಂದಕ್ಕೆ ಹೋಗುವ ಕೆಲಸಗಾರರ ಮಟ್ಟಿಗೆ, ನಿಧಿಗೆ ಸೇರಲು ಕಾಯುವ ಕಾಲ ಮತ್ತು ಹಕ್ಕು ಗಟ್ಟಿಯಾಗುವ ಕಾಲ ಎರಡೂ ಸೇರಿ ಮೂರು ವರ್ಷ ಮೀರಬಾರದು ಎಂದಿತು. ಜರ್ಮನಿ 2018ರಿಂದ ತನ್ನ ಐದು ವರ್ಷದ ಷರತ್ತನ್ನು ಮೂರಕ್ಕೆ ಇಳಿಸಿತು.

ಈ ಮಿತಿಗಳು ತಾವಾಗಿ ಬಂದವಲ್ಲ. 1963ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟೂಡೆಬೇಕರ್ ಕಾರು ಕಾರ್ಖಾನೆ ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಹಣ ಇರಲಿಲ್ಲ. ಅರವತ್ತು ದಾಟಿದ ಅರ್ಹರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಅರವತ್ತರೊಳಗಿನ, ಹತ್ತು ವರ್ಷ ದುಡಿದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಗೆ ತಮಗೆ ಬರಬೇಕಾದುದರ ಸುಮಾರು ಶೇ 15ರಷ್ಟೇ ಕೈಗೆ ಬಂತು. ಅದಕ್ಕಿಂತ ಕಿರಿಯರಿಗೆ ಏನೂ ಇಲ್ಲ. ಹನ್ನೊಂದು ವರ್ಷದ ನಂತರ, 1974ರಲ್ಲಿ, ಎರಿಸಾ ಎಂಬ ಕಾನೂನು ಬಂತು. ಆಗಲೂ ಹತ್ತು ವರ್ಷದ ಕ್ಲಿಫ್‌ಗೆ ಅವಕಾಶವಿತ್ತು. ಅದು ಇಳಿದು ಇಳಿದು ಈಗಿನ ಮೂರಕ್ಕೆ ಬರಲು ಇನ್ನೂ ಮೂವತ್ತು ಚಿಲ್ಲರೆ ವರ್ಷ ಹಿಡಿಯಿತು.

ನಿಮ್ಮದು ಕ್ಲಿಫ್ ಎಂದೇ ಹಿಡಿಯುತ್ತೇನೆ, ಏಕೆಂದರೆ ಅಲ್ಲಿ ನಷ್ಟ ದೊಡ್ಡದು. ಈಗ ಕ್ಯಾಲೆಂಡರ್ ತೆರೆಯಿರಿ.

ಜನವರಿ 5 ಸೋಮವಾರ. ಆ ದಿನವನ್ನೂ ಸೇರಿಸಿ ಎಣಿಸಿದರೆ ನಿಮ್ಮ 60ನೆಯ ದಿನ ಮಾರ್ಚ್ 5, ಗುರುವಾರ. ನಿಮ್ಮ ಮೂರು ವರ್ಷ ತುಂಬುವುದು ಮಾರ್ಚ್ 2ರ ಸೋಮವಾರ ದಿನ ಮುಗಿದಾಗ. ಅಂದರೆ ನೋಟಿಸ್ ಅವಧಿಯನ್ನು ಪೂರ್ತಿ ಮಾಡಿದರೆ ನೀವು ಅಂಚನ್ನು ಮೂರು ದಿನದ ಅಂತರದಲ್ಲಿ ದಾಟಿರುತ್ತೀರಿ. ಬೇರೇನೂ ಮಾಡಬೇಕಾಗಿಲ್ಲ, ಸುಮ್ಮನೆ ಒಪ್ಪಂದದ ಪ್ರಕಾರ ನಡೆದುಕೊಂಡರೆ ಸಾಕು. ಆದರೆ ಹೊಸ ಕಂಪನಿ 30 ದಿನವನ್ನು ಕೊಂಡುಕೊಂಡಿತೆನ್ನಿ. ಆಗ ನಿಮ್ಮ ಕೊನೆಯ ದಿನ ಫೆಬ್ರವರಿ 3. ಮೂರು ವರ್ಷಕ್ಕೆ 27 ದಿನ ಕಡಿಮೆ.

"ಆ 30 ದಿನದ ಸಂಬಳವನ್ನು ಹಳೆಯ ಕಂಪನಿಗೆ ಕಟ್ಟಿ ತೀರಿಸಿದ ಮೇಲೆ ಅದೂ ಸೇವೆಯೇ ಅಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಜನ ಎಡವುವುದು ಇಲ್ಲೇ. ನೋಟಿಸ್ ಬದಲಿಗೆ ಹಣ ಕೊಟ್ಟರೆ ಒಪ್ಪಂದದ ಬಾಕಿ ತೀರುತ್ತದೆ, ಉದ್ಯೋಗ ಸಂಬಂಧ ಮುಂದುವರಿಯುವುದಿಲ್ಲ. ಫೆಬ್ರವರಿ 4ರಂದು ನೀವು ಹಳೆಯ ಕಂಪನಿಯ ಹಾಜರಿ ಪಟ್ಟಿಯಲ್ಲಿ ಇರುವುದಿಲ್ಲ. ದಿನಗಳನ್ನು ಎಣಿಸುವ ನಿಧಿಗೆ ಬೇಕಾದದ್ದು ಉದ್ಯೋಗ ಮುಗಿದ ದಿನಾಂಕ, ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದಲ್ಲ. ಕೊನೆಗೆ ನಗದು ಮಾಡಿಕೊಂಡ ರಜೆಯದೂ ಇದೇ ಕಥೆ. ಹದಿನೈದು ದಿನದ ರಜೆಗೆ ಹಣ ಪಡೆದರೆ ಸೇವೆ ಹದಿನೈದು ದಿನ ಉದ್ದವಾಗುವುದಿಲ್ಲ. ಅದೇ ರಜೆಯನ್ನು ಉದ್ಯೋಗದಲ್ಲಿ ಇದ್ದುಕೊಂಡು ಬಳಸಿದರೆ ಅಷ್ಟೂ ದಿನ ಸೇವೆಯೇ. ಇನ್ನೊಂದು ಸ್ಥಿತಿ ಇದೆ: ಕಂಪನಿ "ನೀವು ಕಚೇರಿಗೆ ಬರಬೇಡಿ, ಮನೆಯಲ್ಲೇ ಇರಿ, ನೋಟಿಸ್ ಮುಗಿಯುವ ತನಕ ಸಂಬಳ ಬರುತ್ತದೆ" ಎಂದರೆ ನೀವು ಇನ್ನೂ ಅಲ್ಲಿನ ನೌಕರರೇ. ಮೂರರಲ್ಲೂ ಕೆಲಸಕ್ಕೆ ಹೋಗುವುದಿಲ್ಲ. ವ್ಯತ್ಯಾಸವಿರುವುದು ಒಂದೇ ಒಂದು ದಿನಾಂಕದಲ್ಲಿ.

ಆ ದಿನಾಂಕ ಎಷ್ಟು ನಿಷ್ಠುರವಾಗಿರಬಲ್ಲದು ಎಂಬುದನ್ನು ನಾನು ನನ್ನ ಮೇಜಿನ ಮೇಲೇ ನೋಡಿದ್ದೇನೆ. ವರ್ಷಗಳ ಹಿಂದೆ ಒಂದು ಕಂಪನಿಯಲ್ಲಿ ನಿವೃತ್ತಿ ನಿಧಿಯ ಲೆಕ್ಕ ಚುಕ್ತಾ ಮಾಡುವುದು ನನ್ನ ಕೆಲಸವಾಗಿತ್ತು. ಒಬ್ಬ ಎಂಜಿನಿಯರ್‌ನ ಅರ್ಜಿ ಬಂತು. ಅವನ ಮೂರು ವರ್ಷ ಭಾನುವಾರ ತುಂಬುತ್ತಿತ್ತು. ತಾನು ಆ ಲೆಕ್ಕ ಹಾಕಿಯೇ ರಾಜೀನಾಮೆ ಕೊಟ್ಟೆ, ನೋಟಿಸ್ ಮುಗಿಯುವುದೂ ಭಾನುವಾರವೇ ಎಂದು ಅವನ ನಂಬಿಕೆ. ಆದರೆ ಸಿಬ್ಬಂದಿ ವಿಭಾಗದವರು ಬಿಡುಗಡೆ ಪತ್ರದಲ್ಲಿ ಕೊನೆಯ ದಿನ ಶುಕ್ರವಾರ ಎಂದು ಬರೆದಿದ್ದರು, ಏಕೆಂದರೆ ಕಚೇರಿ ನಡೆಯುವ ಕೊನೆಯ ದಿನ ಅದೇ. ಅವನೂ ಕೇಕ್ ಕತ್ತರಿಸಿ, ಗುರುತಿನ ಚೀಟಿ ಒಪ್ಪಿಸಿ, ಆ ಪತ್ರಕ್ಕೆ ಸಹಿ ಹಾಕಿ ಹೋಗಿದ್ದ. ನನ್ನ ಮುಂದಿದ್ದದ್ದು ಆ ಸಹಿ. ಶೇಕಡಾವಾರು ಅಂಕಣದಲ್ಲಿ ಸೊನ್ನೆ ಬರೆದೆ. ಅವನು ಹೊಸ ಊರಿನಿಂದ ಕರೆ ಮಾಡಿ ಜಗಳವಾಡಿದ. ಅವನ ಸಿಟ್ಟು ನ್ಯಾಯವಾದದ್ದೇ. ಪತ್ರವನ್ನು ತಿದ್ದಿಕೊಡಲು ಸಿಬ್ಬಂದಿ ವಿಭಾಗ ಒಪ್ಪಲಿಲ್ಲ. ಎರಡು ದಿನ, ಅದೂ ಶನಿವಾರ ಮತ್ತು ಭಾನುವಾರ. ಆದ್ದರಿಂದ ನಿಮ್ಮ ಬಿಡುಗಡೆ ಪತ್ರದಲ್ಲಿ "ಕೆಲಸದ ಕೊನೆಯ ದಿನ" ಅಲ್ಲ, "ಉದ್ಯೋಗ ಕೊನೆಗೊಳ್ಳುವ ದಿನಾಂಕ" ಎಂಬ ಸಾಲು ಇರಬೇಕು, ಅಲ್ಲಿ ಮಾರ್ಚ್ 5 ಎಂದಿರಬೇಕು. ಮಾರ್ಚ್ 2 ಎಂದಿದ್ದರೂ ನನಗೆ ನೆಮ್ಮದಿ ಇರದು, ಏಕೆಂದರೆ ಕೆಲವು ನಿಯಮಾವಳಿಗಳಲ್ಲಿ ವಾರ್ಷಿಕ ದಿನದಂದು ನೀವು ನೌಕರಿಯಲ್ಲಿ ಇರಬೇಕು ಎಂದಿರುತ್ತದೆ. ಸೇರಿದ ದಿನಾಂಕವೇ ಮರಳಿ ಬಂದ ಮಾರ್ಚ್ 3ನ್ನು ದಾಟಿ ನಿಲ್ಲುವುದು ಕ್ಷೇಮ.

ಇಷ್ಟು ಹೊತ್ತು ನಾನು ದಿನಗಳನ್ನು ಎಣಿಸಿದೆ. ಆದರೆ ನಿಧಿ ದಿನಗಳನ್ನೇ ಎಣಿಸುತ್ತದೆ ಎಂಬ ಖಾತರಿ ಇಲ್ಲ, ಮತ್ತು ಇದು ನಿಮಗೆ ಅನುಕೂಲವೂ ಆಗಬಹುದು. ಸೇವಾ ವರ್ಷವನ್ನು ಅಳೆಯುವ ಇನ್ನೊಂದು ರೂಢಿ ಗಂಟೆಗಳದು. ಅಮೆರಿಕದ ಯೋಜನೆಗಳಲ್ಲಿ ಹನ್ನೆರಡು ತಿಂಗಳ ಒಂದು ಅವಧಿಯಲ್ಲಿ 1,000 ಗಂಟೆ ದುಡಿದರೆ ಅದು ಒಂದು ಸೇವಾ ವರ್ಷ. ಆ ಹನ್ನೆರಡು ತಿಂಗಳು ನೀವು ಸೇರಿದ ದಿನದಿಂದಲೇ ಶುರುವಾಗಬೇಕೆಂದಿಲ್ಲ. ಜನವರಿಯಿಂದ ಡಿಸೆಂಬರ್ ಎಂದು ಯೋಜನೆ ನಿಗದಿ ಮಾಡಿರಬಹುದು. ನಿಮ್ಮನ್ನೇ ಆ ಅಳತೆಗೆ ಹಾಕಿ ನೋಡಿ. 2023ರಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ, ವಾರಕ್ಕೆ 40 ಗಂಟೆಯಂತೆ, 1,700 ಗಂಟೆ ದಾಟುತ್ತದೆ. ಸಾವಿರಕ್ಕೆ ಧಾರಾಳವಾಗಿ ಸಾಕು, ಒಂದು ವರ್ಷ ಜಮೆ. 2024 ಒಂದು, 2025 ಒಂದು. ಮೂರು ಸೇವಾ ವರ್ಷ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ! ಕ್ಯಾಲೆಂಡರ್ ಪ್ರಕಾರ ಎರಡು ವರ್ಷ ಹತ್ತು ತಿಂಗಳಷ್ಟೇ ಆಗಿದ್ದರೂ ಇಂಥ ನಿಯಮವಿದ್ದರೆ ಕಂಪನಿಯ ಪಾಲು ಈಗಾಗಲೇ ಪೂರ್ತಿ ನಿಮ್ಮದು, ಫೆಬ್ರವರಿ 3ಕ್ಕೆ ಹೊರಟರೂ ಒಂದು ಪೈಸೆ ಹೋಗುವುದಿಲ್ಲ.

ಅದೇ ಅಳತೆ ಇನ್ನೊಬ್ಬರಿಗೆ ಶೂಲವಾಗುತ್ತದೆ. ವಾರಕ್ಕೆ 18 ಗಂಟೆ ಕೆಲಸ ಮಾಡುವವರು ವರ್ಷವಿಡೀ ತಪ್ಪದೆ ದುಡಿದರೂ 936 ಗಂಟೆ ಆಗುತ್ತದೆ. ಸಾವಿರ ಗಂಟೆಯ ಷರತ್ತೊಂದೇ ಇರುವ ಯೋಜನೆಯಲ್ಲಿ ಅವರು ಐದು ವರ್ಷ ಕಳೆದರೂ ಒಂದು ಸೇವಾ ವರ್ಷವೂ ಆಗಿರುವುದಿಲ್ಲ. ಒಂದೇ ದಿನ ಸೇರಿ ಒಂದೇ ದಿನ ಬಿಟ್ಟ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ, ಇನ್ನೊಬ್ಬರಿಗೆ ಸೊನ್ನೆ ಬರುವುದು ಹೀಗೆ.

ಮೂರನೆಯ ಬಗೆಯಲ್ಲಿ ಗಡಿಯಾರ ಶುರುವಾಗುವುದು ಕೆಲಸಕ್ಕೆ ಸೇರಿದ ದಿನದಿಂದಲ್ಲ, ನಿಧಿಗೆ ಸದಸ್ಯರಾದ ದಿನದಿಂದ. ಹಲವು ಕಂಪನಿಗಳು ಪ್ರೊಬೇಷನ್ ಮುಗಿಯುವ ತನಕ ನಿಧಿಗೆ ಸೇರಿಸುವುದಿಲ್ಲ. ಆರು ತಿಂಗಳ ಪ್ರೊಬೇಷನ್ ಇದ್ದು, ನಿಯಮ "ಸದಸ್ಯತ್ವದ ಮೂರು ವರ್ಷ" ಎಂದಿದ್ದರೆ, ಮಾರ್ಚ್‌ನಲ್ಲಿ ಸೇರಿದವರಿಗೆ ಅಂಚು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ನೀವು 34 ಕಂತು ಕಟ್ಟಿದ್ದೀರಿ, ಅಂದರೆ ಮೊದಲ ತಿಂಗಳಿನಿಂದಲೇ ಸದಸ್ಯರು. ನಿಮಗೆ ಈ ತೊಡಕಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಎಷ್ಟು ಹೋಗುತ್ತದೆ. ಕ್ಲಿಫ್, ದಿನಗಳ ಎಣಿಕೆ, ಇವೆರಡೂ ನಿಜವೆಂದಿಟ್ಟುಕೊಳ್ಳಿ. ಫೆಬ್ರವರಿ 3ಕ್ಕೆ ಹೊರಟರೆ ನಿಮ್ಮ ಕೈಗೆ ನಿಮ್ಮ ಪಾಲು ಮಾತ್ರ. ಮಾರ್ಚ್ 5ಕ್ಕೆ ಹೊರಟರೆ ಅದರ ಜೊತೆಗೆ ಕಂಪನಿಯ 3,78,000 ಮತ್ತು ಜನವರಿ, ಫೆಬ್ರವರಿಯ ಎರಡು ಕಂತು, ಒಟ್ಟು 3,98,000ದಷ್ಟು. ಮಾರುಕಟ್ಟೆ ಸ್ವಲ್ಪ ಅತ್ತಿತ್ತ ಮಾಡಬಹುದು, ಅದನ್ನು ಬಿಡಿ. ಒಂದು ತಿಂಗಳು ತಡವಾಗಿ ಸೇರುವುದರಿಂದ ನೀವು ಬಿಟ್ಟುಕೊಡುವುದು ಹೊಸ ಸಂಬಳದಲ್ಲಿ ಹೆಚ್ಚಾಗಿದ್ದ 20,000. ಇಪ್ಪತ್ತು ಸಾವಿರ ಕೊಟ್ಟು ನಾಲ್ಕು ಲಕ್ಷದ ಹತ್ತಿರ ಪಡೆಯುವ ವ್ಯವಹಾರ ಇದು. ಯಾವ ನಾಣ್ಯದಲ್ಲಿ ಲೆಕ್ಕ ಹಾಕಿದರೂ ಅನುಪಾತ ಅದೇ.

ಮೆಟ್ಟಿಲಿನ ಯೋಜನೆಯಾಗಿದ್ದರೆ ಚಿತ್ರ ಇಷ್ಟು ಕಡುವಾಗಿರುವುದಿಲ್ಲ. ಎರಡು ವರ್ಷ ದಾಟಿದ್ದರಿಂದ ಶೇ 20, ಅಂದರೆ 75,600 ಈಗಾಗಲೇ ನಿಮ್ಮದು. ಒಂದು ತಿಂಗಳು ಕಾದರೆ ಅದು ಶೇ 40 ಆಗುತ್ತದೆ. 3,98,000ದ ಮೇಲೆ 1,59,200. ಕಾಯುವುದು ಆಗಲೂ ಲಾಭವೇ. ಆದರೆ ಆರು ವರ್ಷದ ತನಕ ಕಾದು ಪೂರ್ತಿ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದು, ತಿಂಗಳಿಗೆ 20,000 ಹೆಚ್ಚು ಬರುವ ಕೆಲಸವನ್ನು ಬಿಡುವುದು ಲೆಕ್ಕಕ್ಕೆ ಬಾರದ ಮಾತು. ಮೂರು ವರ್ಷಕ್ಕೆ ಅದೇ 7,20,000 ಆಗುತ್ತದೆ. ವೆಸ್ಟಿಂಗ್‌ಗಾಗಿ ವಾರಗಳನ್ನು, ಹೆಚ್ಚೆಂದರೆ ಕೆಲವು ತಿಂಗಳುಗಳನ್ನು ಕಾಯಬಹುದು. ವರ್ಷಗಟ್ಟಲೆ ಕಾಯುವ ಮುನ್ನ ಕಾಗದ ಪೆನ್ನು ಹಿಡಿಯಿರಿ.

ಬಿಟ್ಟು ಹೋದ ಪಾಲು ಎಲ್ಲಿ ಹೋಗುತ್ತದೆ ಎಂದು ಬಹಳ ಮಂದಿ ಕೇಳುತ್ತಾರೆ. ಮಾಲೀಕ ಜೇಬಿಗೆ ಹಾಕಿಕೊಳ್ಳುತ್ತಾನೆ ಎಂಬುದು ಸಾಮಾನ್ಯ ಅನುಮಾನ. ನೇರವಾಗಿ ಹಾಗಾಗುವುದಿಲ್ಲ. ನಿಧಿ ಕಂಪನಿಯ ಆಸ್ತಿಯಿಂದ ಬೇರೆಯಾಗಿ ಟ್ರಸ್ಟ್‌ನಲ್ಲಿ ಇರುವಲ್ಲಿ ಆ ಹಣ ಟ್ರಸ್ಟ್ ಒಳಗಿನ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಅಮೆರಿಕದ ಯೋಜನೆಗಳಲ್ಲಿ ಅದನ್ನು ಮೂರರಲ್ಲಿ ಒಂದಕ್ಕೆ ಬಳಸುತ್ತಾರೆ: ನಿಧಿಯ ನಿರ್ವಹಣಾ ವೆಚ್ಚಕ್ಕೆ, ಉಳಿದ ಸದಸ್ಯರಿಗೆ ಹಂಚಲು, ಇಲ್ಲವೇ ಕಂಪನಿ ಮುಂದೆ ಕಟ್ಟಬೇಕಾದ ವಂತಿಗೆಗೆ ವಜಾ ಹಾಕಿಕೊಳ್ಳಲು. ಕೊನೆಯದರಲ್ಲಿ ಕಂಪನಿಗೆ ಉಳಿತಾಯವಾಗುತ್ತದೆ ಎಂಬುದು ನಿಜ, ಸುತ್ತು ಬಳಸಿ ಜೇಬು ತಲುಪಿದಂತೆಯೇ.

ಆ ಪಾಲು ನಿಮ್ಮ ಹೆಸರಿನಿಂದ ಯಾವಾಗ ಅಳಿಸಿಹೋಗುತ್ತದೆ ಎಂಬುದು ಇನ್ನೂ ಮುಖ್ಯ, ಏಕೆಂದರೆ ಇಲ್ಲಿ ನಿಮ್ಮ ಕೈಯಲ್ಲಿ ಸ್ವಲ್ಪ ಹಿಡಿತವಿದೆ. ಕೆಲಸ ಬಿಟ್ಟ ಕ್ಷಣಕ್ಕೇ ಅಳಿಸುವ ಯೋಜನೆಗಳು ಇವೆ. ಅಮೆರಿಕದ ಕ್ರಮದಲ್ಲಾದರೆ ನೀವು ವೆಸ್ಟ್ ಆದ ಹಣವನ್ನು ಪೂರ್ತಿ ತೆಗೆದುಕೊಂಡಾಗ, ಅಥವಾ ಸತತ ಐದು ವರ್ಷ ಸೇವೆಯಿಂದ ದೂರ ಉಳಿದಾಗ, ಯಾವುದು ಮೊದಲೋ ಆಗ. ಆದ್ದರಿಂದ ಅದೇ ಕಂಪನಿಗೆ ಮರಳುವ ಸಾಧ್ಯತೆ ಚೂರಾದರೂ ಇದ್ದರೆ ನಿಮ್ಮ ಪಾಲನ್ನು ಮರುವಾರವೇ ಹಿಂಪಡೆಯಲು ಓಡಬೇಡಿ. ಐದು ವರ್ಷದೊಳಗೆ ಮರಳಿ ಬಂದವರಿಗೆ ಹಳೆಯ ಪಾಲು ಜೀವ ಪಡೆದು, ಹಳೆಯ ಸೇವೆಗೆ ಹೊಸದು ಕೂಡಿಕೊಳ್ಳಬಹುದು. ಹಣ ತೆಗೆದುಕೊಂಡಿದ್ದರೂ ಅದನ್ನು ಹಿಂದಕ್ಕೆ ಕಟ್ಟಿ ಕಂಪನಿಯ ಪಾಲನ್ನು ಮರಳಿ ಪಡೆಯುವ ದಾರಿ ಇದೆ, ಆದರೆ ಖರ್ಚಾಗಿಹೋದ ಹಣವನ್ನು ಹೊಂದಿಸಿ ತರುವವರು ಕಡಿಮೆ. ಹೊಸ ಕೆಲಸ ಅದೇ ಒಡೆತನದ ಸೋದರ ಕಂಪನಿಯಲ್ಲಾದರೆ ಮೊದಲು ಕೇಳಬೇಕಾದದ್ದೇ ಬೇರೆ: ಇಲ್ಲಿನ ಸೇವೆ ಅಲ್ಲಿಗೂ ಎಣಿಕೆಯಾಗುತ್ತದೆಯೇ? ಆಗುವುದಾದರೆ ಗಡಿಯಾರ ನಿಲ್ಲುವುದೇ ಇಲ್ಲ.

ಹಿಂಪಡೆಯುವುದು ಮತ್ತು ವರ್ಗಾಯಿಸುವುದು ಒಂದೇ ಎಂದು ತಿಳಿದು ನಷ್ಟ ಮಾಡಿಕೊಂಡವರೂ ಇದ್ದಾರೆ. ಬ್ರಿಟನ್ನಿನ ನಿಯಮ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ ಸಂಬಳ ಮತ್ತು ಸೇವೆಯ ಮೇಲೆ ಪಿಂಚಣಿ ನಿಗದಿಯಾಗುವ ಯೋಜನೆಗಳಲ್ಲಿ ಎರಡು ವರ್ಷ ತುಂಬದೆ ಬಿಟ್ಟವರಿಗೆ ಸಾಮಾನ್ಯವಾಗಿ ಪಿಂಚಣಿಯ ಹಕ್ಕಿಲ್ಲ. ತಾವು ಕಟ್ಟಿದ್ದನ್ನು ಹಿಂದಕ್ಕೆ ಪಡೆಯಬಹುದು, ಉದ್ಯೋಗದಾತರ ಪಾಲು ಬರುವುದಿಲ್ಲ. ಆದರೆ ಮೂರು ತಿಂಗಳು ದಾಟಿದ್ದರೆ ಇನ್ನೊಂದು ಆಯ್ಕೆ ಇದೆ. ಹಣವನ್ನು ಕೈಗೆ ತೆಗೆದುಕೊಳ್ಳದೆ ಬೇರೊಂದು ಪಿಂಚಣಿ ಯೋಜನೆಗೆ ವರ್ಗಾಯಿಸಿದರೆ ಉದ್ಯೋಗದಾತರ ಪಾಲಿನ ಮೌಲ್ಯವೂ ಅದರ ಜೊತೆ ಹೋಗುತ್ತದೆ. ಒಂದೇ ನಮೂನೆಯಲ್ಲಿ ಎರಡು ಚೌಕ; ತಪ್ಪು ಚೌಕಕ್ಕೆ ಗುರುತು ಹಾಕಿದರೆ ಅರ್ಧ ಹಣ ಹೋಯಿತು. ನಿಮ್ಮ ನಿಧಿಯಲ್ಲೂ ವರ್ಗಾವಣೆಗೆ ಬೇರೆ ನಿಯಮ ಇದೆಯೇ ಎಂದು ಕೇಳಿ.

ಸೇವೆ ತುಂಬದಿದ್ದರೂ ಹಕ್ಕು ತಾನಾಗಿ ಗಟ್ಟಿಯಾಗುವ ಸಂದರ್ಭಗಳು ಕೆಲವು. ನಿವೃತ್ತಿಯ ವಯಸ್ಸು ಮುಟ್ಟುವುದು, ಯೋಜನೆಯನ್ನೇ ಮುಚ್ಚುವುದು. ಅನೇಕ ನಿಯಮಾವಳಿಗಳಲ್ಲಿ ಮರಣ ಮತ್ತು ಶಾಶ್ವತ ಅಂಗವೈಕಲ್ಯವೂ ಸೇರಿರುತ್ತವೆ. ಸಾಮೂಹಿಕವಾಗಿ ಕೆಲಸದಿಂದ ತೆಗೆದಾಗಲೂ ಕೆಲವೆಡೆ ರಕ್ಷಣೆ ಇದೆ: ಅಮೆರಿಕದಲ್ಲಿ ಸದಸ್ಯರಲ್ಲಿ ಐದನೆಯ ಒಂದು ಭಾಗದಷ್ಟು ಮಂದಿ ಕಂಪನಿಯ ಕ್ರಮದಿಂದಾಗಿ ಹೊರಬಿದ್ದರೆ ಯೋಜನೆ ಭಾಗಶಃ ಮುಚ್ಚಿದಂತೆ ಎಂದು ಮೊದಲ ನೋಟಕ್ಕೆ ಭಾವಿಸುತ್ತಾರೆ. ಅದು ನಿಜವೆಂದಾದರೆ ಹೊರಬಿದ್ದವರಿಗೆ ಪೂರ್ತಿ ಪಾಲು. ನೀವು ಸ್ವಂತ ಇಚ್ಛೆಯಿಂದ ಹೊರಡುವವರು, ಇವು ನಿಮಗೆ ಒದಗುವುದಿಲ್ಲ. ಆದರೆ ಕಂಪನಿ ಜನರನ್ನು ತೆಗೆಯುತ್ತಿರುವ ಹೊತ್ತಿನಲ್ಲಿ "ರಾಜೀನಾಮೆ ಬರೆದುಕೊಡಿ, ಗೌರವವಾಗಿ ಹೋಗಿ" ಎಂದು ಯಾರಿಗಾದರೂ ಹೇಳಿದರೆ, ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಇದೊಂದನ್ನು ನೆನೆಯಲಿ.

ಇನ್ನು ನೀವು ಮಾಡಬೇಕಾದ ಕೆಲಸ. ನೇಮಕಾತಿ ಪತ್ರದ ಒಂದು ಸಾಲನ್ನೋ ಸಹೋದ್ಯೋಗಿಗಳ ಮಾತನ್ನೋ ನಂಬಬೇಡಿ. ನಿಧಿಯ ನಿಯಮಾವಳಿಯನ್ನು ತರಿಸಿಕೊಳ್ಳಿ. ಅದರಲ್ಲಿ ಮೊದಲ ಪುಟಗಳಲ್ಲಿ ಬರುವ ವ್ಯಾಖ್ಯೆಗಳನ್ನು ಓದಿ. "ಸೇವಾ ವರ್ಷ" ಎಂದರೇನು, "ಸೇವೆ ಕೊನೆಗೊಂಡ ದಿನ" ಎಂದರೇನು ಎಂಬ ಎರಡಕ್ಕೆ ಉತ್ತರ ಅಲ್ಲಿರುತ್ತದೆ. ಸಂಬಳವಿಲ್ಲದ ದೀರ್ಘ ರಜೆ ಹಾಕಿದ್ದರೆ ಅದನ್ನು ಕಳೆಯುತ್ತಾರೆಯೇ ಎಂಬುದೂ ಅಲ್ಲಿಯೇ. ಆಮೇಲೆ ನಿಧಿಯ ಆಡಳಿತ ನೋಡುವವರಿಗೆ ಇಮೇಲ್ ಬರೆಯಿರಿ. ಸಿಬ್ಬಂದಿ ವಿಭಾಗದ ಗೆಳೆಯರನ್ನು ಕಾಫಿ ಕುಡಿಯುತ್ತಾ ಕೇಳಿದರೆ ಸಿಗುವುದು ಅಭಿಪ್ರಾಯ. ನಿಮಗೆ ಬೇಕಾದದ್ದು ಬರಹದಲ್ಲಿ ಒಂದು ಸಂಖ್ಯೆ. ಹೀಗೆ ಬರೆದರೆ ಸಾಕು:

"ನನ್ನ ನೌಕರಿ ಸೇರ್ಪಡೆ ದಿನಾಂಕ 2023ರ ಮಾರ್ಚ್ 3. ನನ್ನ ಉದ್ಯೋಗ 2026ರ ಫೆಬ್ರವರಿ 3ರಂದು ಕೊನೆಗೊಂಡರೆ ಉದ್ಯೋಗದಾತರ ವಂತಿಗೆಯಲ್ಲಿ ನನಗೆ ವೆಸ್ಟ್ ಆಗುವ ಶೇಕಡಾವಾರು ಎಷ್ಟು, ಮಾರ್ಚ್ 5ರಂದು ಕೊನೆಗೊಂಡರೆ ಎಷ್ಟು ಎಂಬುದನ್ನು, ಅನ್ವಯವಾಗುವ ನಿಯಮದ ಸಂಖ್ಯೆಯೊಂದಿಗೆ ದಯವಿಟ್ಟು ತಿಳಿಸಿ."

ಎರಡು ದಿನಾಂಕ ಕೊಟ್ಟು ಕೇಳುವುದರಲ್ಲಿ ಒಂದು ಉಪಾಯವಿದೆ. "ಮೂರು ವರ್ಷ ಬೇಕು" ಎಂಬ ಸಿದ್ಧ ಉತ್ತರವನ್ನು ಅಂಟಿಸಿ ಕಳುಹಿಸಲು ಆಗುವುದಿಲ್ಲ, ಯಾರಾದರೂ ಕುಳಿತು ಎಣಿಸಲೇಬೇಕು. ಆದರೆ ಇಂಥ ಪ್ರಶ್ನೆ ನೀವು ಹೊರಡುತ್ತಿರುವುದನ್ನು ಸಾರಿಬಿಡುತ್ತದೆ ಎಂಬ ಅಂಜಿಕೆ ಇದ್ದರೆ, ನಿಮ್ಮ ಈವರೆಗಿನ ಸೇವಾ ವರ್ಷಗಳ ಎಣಿಕೆ ಮತ್ತು ಮುಂದಿನ ಹಂತ ಯಾವ ದಿನಾಂಕಕ್ಕೆ ಬರುತ್ತದೆ ಎಂದಷ್ಟೇ ಕೇಳಿ. ಅದು ಯಾವ ಸದಸ್ಯರೂ ಯಾವಾಗ ಬೇಕಾದರೂ ಕೇಳಬಹುದಾದ ವಿಷಯ. ಡಿಸೆಂಬರ್ 31ಕ್ಕೇ ಮೂರು ವರ್ಷ ಆಗಿದೆ ಎಂದು ಉತ್ತರ ಬಂದರೆ ಹೊಸ ಕಂಪನಿಯವರು ಹೇಳಿದ ದಿನವೇ ಹೋಗಿ ಸೇರಿ.

ಮಾರ್ಚ್ ಎಂದು ಉತ್ತರ ಬಂದರೆ ಹೊಸ ಕಂಪನಿಯವರೊಂದಿಗೆ ಮಾತನಾಡಬೇಕು. ನಿಮ್ಮನ್ನು ಒಂದು ತಿಂಗಳು ಮೊದಲೇ ಕರೆಸಿಕೊಳ್ಳಲು ಅವರು ಈಗಾಗಲೇ ಹಣ ತೆಗೆದಿಟ್ಟಿದ್ದಾರೆ; ತಡವಾಗಿ ಬಂದರೆ ಅದು ಅವರಿಗೆ ಉಳಿಯುತ್ತದೆ. ಬೇಗ ಬರಲೇಬೇಕು ಎಂದರೆ, ನೀವು ಕಳೆದುಕೊಳ್ಳುವ 3,98,000ವನ್ನು ಸೇರ್ಪಡೆ ಬೋನಸ್ ಆಗಿ ಕೊಡಿ ಎಂದು ಕೇಳಿ. ಆ ಮೊತ್ತ ಕೇಳಿದ ಮೇಲೆ ಮಾರ್ಚ್ ಅಷ್ಟೇನೂ ದೂರವಲ್ಲ ಎಂದು ಅವರಿಗೇ ಅನ್ನಿಸುವುದುಂಟು. ಕೊಡಲು ಒಪ್ಪಿದರೂ ಎರಡು ವಿಷಯ ನೋಡಿಕೊಳ್ಳಿ. ಬೋನಸ್ ಕೈಗೆ ಬರುವ ಮುನ್ನ ಸಂಬಳದಂತೆ ತೆರಿಗೆ ಕಳೆಯುತ್ತದೆ, ಆದ್ದರಿಂದ ಸರಿಸಮ ಆಗಬೇಕಾದರೆ ಮೊತ್ತ ಅದಕ್ಕಿಂತ ಹೆಚ್ಚಿರಬೇಕು. ಮತ್ತು ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕು ಎಂಬ ಸಾಲು ಪತ್ರದಲ್ಲಿ ಇರುತ್ತದೆ. ಹಾಗಾದರೆ ಒಂದು ವೆಸ್ಟಿಂಗ್ ತಪ್ಪಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಕೊಂಡಂತೆ. ನನ್ನನ್ನು ಕೇಳಿದರೆ, ಬಿಡುಗಡೆ ಪತ್ರದಲ್ಲಿ ಮಾರ್ಚ್ 5, ಹೊಸ ನೇಮಕಾತಿ ಪತ್ರದಲ್ಲಿ ಸೇರುವ ದಿನ ಮಾರ್ಚ್ 9, ಸೋಮವಾರ ಎಂದು ಬರೆಸಿಕೊಳ್ಳಿ. ನಡುವಿನ ಮೂರು ದಿನ ಖಾತೆಯ ಚೀಟಿಯಲ್ಲಿ ವೆಸ್ಟ್ ಆದ ಮೊತ್ತದ ಸಾಲು ಬದಲಾಗಿದೆಯೇ ಎಂದು ನೋಡಲು ಇರಲಿ.